ಎರಡಾದ ಮೇಲೆ ಮೂರು ಬರಬಾರದಿತ್ತು

(ಮಂಡ್ಯದ ಒಂದು ಸಂಜೆ ಸಭೆಯಲ್ಲಿ ಆಡಿದ ಮಾತು. ಬರಹಕ್ಕೆ ತಕ್ಕ ಹಾಗೆ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬಸ್ ಡಿಪೋದ ಕಥೆ ಹೇಳಿ ಅಂದರು. ಬ್ರೇಕ್ ಫೇಲಾದ ಕಥೆ, ಕಂಡಕ್ಟರ್ ಚಿಲ್ಲರೆ ಜಗಳದ ಕಥೆ ನಿಮಗೆಲ್ಲ ಗೊತ್ತಿರುತ್ತದೆ. ನಾನು ಹೇಳುವುದು ಒಂದು ಹಾಳೆಯ ಕಥೆ. ಡಿಪೋ ಗೋಡೆಗೆ ಅಂಟಿಸಿದ್ದ ಡ್ಯೂಟಿ ಚಾರ್ಟ್. ಅದರಿಂದ ಮುಷ್ಕರದ ನೋಟಿಸ್ ಬಂತು. ಅದನ್ನು ಬಿಡಿಸಿದ್ದು ನನ್ನ ಪಕ್ಕದ ಟೇಬಲ್‌ನಲ್ಲಿ ಕೂರುತ್ತಿದ್ದ ಒಬ್ಬ ಹೆಣ್ಣುಮಗಳು. ಎಲ್ಲರೂ ಅವರನ್ನು ಚಾರ್ಟ್ ಮೇಡಂ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಡಿಪೋ ಇದೇ ಜಿಲ್ಲೆಯದು. ಯಾವುದು ಅಂತ ಕೇಳಬೇಡಿ.

ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ಇದು ಅದರ ಮುಂದಿನ ವರ್ಷದ ಮಾತು. ಯೂನಿಯನ್‌ನವರು ಮೂರು ಬೇಡಿಕೆ ಬರೆದು ಕೊಟ್ಟಿದ್ದರು. ವಾರದ ರಜೆ ರದ್ದು ಮಾಡಬಾರದು. ಡಬಲ್ ಡ್ಯೂಟಿ ನಿಲ್ಲಿಸಬೇಕು. ಇನ್ನೂ ಜನ ಕೊಡಬೇಕು. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ, ಸಾರ್ವಜನಿಕ ಉಪಯೋಗದ ಸೇವೆ ಅಂತ ಘೋಷಣೆಯಾದ ಕಡೆ ನೋಟಿಸ್ ಕೊಟ್ಟ 14 ದಿನದೊಳಗೆ ಮುಷ್ಕರ ಹೂಡುವಂತಿಲ್ಲ. ಹಾಗಾಗಿ ನಮ್ಮ ಕೈಯಲ್ಲಿದ್ದದ್ದು ಎರಡು ವಾರ. ಅದರಲ್ಲಿ ಮೊದಲ ಕೆಲವು ದಿನ ಸುಮ್ನೆ ಪತ್ರ ಬರೆಯುವುದರಲ್ಲೇ ಹೋಯಿತು. ಮೇಲಿನವರ ಉತ್ತರ ಒಂದೇ: ಚಾರ್ಟ್ ಕಾನೂನು ಪ್ರಕಾರ ಇದೆ, ಗೈರು ಹಾಜರಿ ಜಾಸ್ತಿ ಆಗಿದೆ, ಗೈರಾದವರ ಮೇಲೆ ಕ್ರಮ ತಗೊಳ್ಳಿ.

ಚಾರ್ಟ್ ಹಾಳೆಯ ಮೇಲೆ ಕಾನೂನು ಪ್ರಕಾರವೇ ಇತ್ತು ಅನ್ನುವುದು ನಿಜ. ತಮಾಷೆ ಇರುವುದೇ ಅಲ್ಲಿ.

ಗಲಾಟೆ ಜಾಸ್ತಿ ಇದ್ದದ್ದು ಒಂದು ಗುಂಪಿನಲ್ಲಿ. ಮಂಡ್ಯದಿಂದ ಪಾಂಡವಪುರ, ಚಿನಕುರಳಿ ಮೇಲೆ ಕೆ.ಆರ್. ಪೇಟೆಗೆ ಹೋಗುವ ಮೂರು ಬಸ್ಸು. ಒಂದೊಂದು ಬಸ್ಸಿಗೆ ಬೆಳಗಿನ ಡ್ಯೂಟಿ ಒಂದು, ಮಧ್ಯಾಹ್ನದ ಡ್ಯೂಟಿ ಒಂದು. ಒಟ್ಟು ಆರು ಡ್ಯೂಟಿ. ಡ್ರೈವರ್ ಮತ್ತು ಕಂಡಕ್ಟರ್ ಸೇರಿ ಒಂದು ಜೋಡಿ. ಆರು ಡ್ಯೂಟಿಗೆ ಏಳು ಜೋಡಿ ಬೇಕು. ಯಾಕೆ ಅಂದರೆ ಆರು ದಿನ ಆರು ಡ್ಯೂಟಿ ಮಾಡಿ ಏಳನೇ ದಿನ ರಜೆ. ಏಳು ಜೋಡಿಯೂ ಒಂದೊಂದು ದಿನದ ಅಂತರದಲ್ಲಿ ಇದೇ ಸುತ್ತು ಸುತ್ತುತ್ತವೆ. ಯಾವ ದಿನ ನೋಡಿದರೂ ಆರು ಜೋಡಿ ಕೆಲಸದಲ್ಲಿ, ಒಂದು ಜೋಡಿ ರಜೆಯಲ್ಲಿ.

ಈಗ ಸಮಯ ಹೇಳುತ್ತೇನೆ, ಬೇಕಾದರೆ ಬರೆದುಕೊಳ್ಳಿ. ಮೊದಲ ಬಸ್ಸಿನಲ್ಲಿ 1ನೇ ಡ್ಯೂಟಿ ಬೆಳಗ್ಗೆ 5:00ಕ್ಕೆ ಶುರು, 2ನೇ ಡ್ಯೂಟಿ ಮಧ್ಯಾಹ್ನ 12:30ಕ್ಕೆ. ಎರಡನೇ ಬಸ್ಸಿನಲ್ಲಿ 3ನೆಯದು ಬೆಳಗ್ಗೆ 6:00ಕ್ಕೆ, 4ನೆಯದು ಮಧ್ಯಾಹ್ನ 1:30ಕ್ಕೆ. ಮೂರನೇ ಬಸ್ಸಿನಲ್ಲಿ 5ನೆಯದು 7:15ಕ್ಕೆ, 6ನೆಯದು 2:45ಕ್ಕೆ. ಎಲ್ಲವೂ ಹಾಳೆಯ ಮೇಲೆ ಎಂಟು ಗಂಟೆಯ ಡ್ಯೂಟಿ. ಬಸ್ ತಗೊಂಡು ನೋಡಿಕೊಳ್ಳೋಕೆ ಅರ್ಧ ಗಂಟೆ, ಒಂದೂವರೆ ಗಂಟೆಯ ನಾಲ್ಕು ಸಿಂಗಲ್ ಅಂದರೆ ಒಂದು ಕಡೆಯ ಓಟ, ನಡುವೆ ಹತ್ತು ಹತ್ತು ನಿಮಿಷ ಎರಡು ಸಲ ನಿಲುಗಡೆ, ಊಟಕ್ಕೆ ಅರ್ಧ ಗಂಟೆ, ಕೊನೆಗೆ ಕ್ಯಾಷ್ ಕಟ್ಟಿ ಟಿಕೆಟ್ ಲೆಕ್ಕದ ವೇಬಿಲ್ ಮುಗಿಸೋಕೆ 40 ನಿಮಿಷ. ಕೂಡಿಸಿ ನೋಡಿ, ಸರಿಯಾಗಿ ಎಂಟು ಗಂಟೆ. ಊಟದ ಹೊತ್ತು ಕಳೆದರೆ ಏಳೂವರೆ ಗಂಟೆ ಕೆಲಸ.

ನಾವೆಲ್ಲ ಗೈರು ಹಾಜರಿ ಪುಸ್ತಕ ತೆಗೆದರೆ ಹೆಸರು ಹುಡುಕುತ್ತಿದ್ದೆವು. ಯಾರು ಪದೇ ಪದೇ ತಪ್ಪಿಸುತ್ತಾರೆ, ಯಾರಿಗೆ ಮೆಮೊ ಕೊಡಬೇಕು ಅಂತ. ಚಾರ್ಟ್ ಮೇಡಂ ಹೆಸರಿನ ಕಾಲಂ ಮೇಲೆ ಸ್ಕೇಲ್ ಇಟ್ಟು ಮುಚ್ಚಿದರು. ಯಾವ ಡ್ಯೂಟಿಗೆ ಗೈರು ಅನ್ನುವುದನ್ನು ಮಾತ್ರ ಗೀಟು ಹಾಕಿ ಎಣಿಸಿದರು. ಮೂರು ತಿಂಗಳ ಪುಸ್ತಕ. 1ನೇ ಡ್ಯೂಟಿಗೆ ಗೈರು ಅಪರೂಪ, ಅದು ಬೆಳಗ್ಗೆ ಐದಕ್ಕೇ ಶುರುವಾದರೂ! 4, 6 ಕೂಡ ಹಾಗೇ. ಗೀಟು ರಾಶಿ ಬಿದ್ದದ್ದು 3 ಮತ್ತು 5ರ ಮುಂದೆ. ಹೆಸರು ನೋಡಿದರೆ ಏಳು ಜೋಡಿಯವರೂ ಇದ್ದರು. ಸೋಮಾರಿತನ ಆಗಿದ್ದರೆ ಅದು ಡ್ಯೂಟಿ ನಂಬರ್ ನೋಡಿಕೊಂಡು ಬರುತ್ತದೆಯಾ?

ಯೂನಿಯನ್‌ನ ಹಿರಿಯ ಡ್ರೈವರ್ ಒಬ್ಬರು ಆಗಲೇ ಬಾಗಿಲಲ್ಲಿ ನಿಂತು ಬೈದು ಹೋಗಿದ್ದರು. “ಮಲಗೋಕೆ ಬುಡ್ತಿಲ್ಲ ಕಣವ್ವ ನಿಮ್ಮ ಚಾರ್ಟು” ಅಂತ. ಅವರು ಅಂದದ್ದನ್ನು ಬೈಗುಳ ಅಂತ ನಾವು ಕೇಳಿಸಿಕೊಂಡೆವು. ಮೇಡಂ ಅದನ್ನು ಲೆಕ್ಕ ಅಂತ ಕೇಳಿಸಿಕೊಂಡರು. “ಅಣ್ಣ, ಯಾವ ರಾತ್ರಿ ನಿದ್ದೆ ಆಗಲ್ಲ, ಅದು ಹೇಳಿ” ಅಂತ ಹಿಂದೆಯೇ ಹೋಗಿ ಕೇಳಿದರು. “ಎರಡಾದ ಮೇಲೆ ಮೂರು, ನಾಕಾದ ಮೇಲೆ ಐದು. ಇನ್ನೇನು ಹೇಳ್ಳಿ?”

ಇದನ್ನು ಹಾಳೆಯ ಮೇಲೆ ಪರೀಕ್ಷೆ ಮಾಡೋಣ. ಆಗ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹೇಳುತ್ತಿದ್ದದ್ದು, ಒಂದು ದಿನದ ಕೆಲಸ ಮುಗಿದು ಮರುದಿನದ ಕೆಲಸ ಶುರುವಾಗುವುದರ ನಡುವೆ ಕನಿಷ್ಠ ಒಂಬತ್ತು ಗಂಟೆ ಬಿಡುವು ಇರಬೇಕು. 2ನೇ ಡ್ಯೂಟಿ ಮುಗಿಯುವುದು ರಾತ್ರಿ 8:30ಕ್ಕೆ. 3ನೆಯದು ಬೆಳಗ್ಗೆ 6:00ಕ್ಕೆ. ಒಂಬತ್ತೂವರೆ ಗಂಟೆ ಆಯಿತು. 4ನೆಯದು 9:30ಕ್ಕೆ ಮುಗಿದರೆ 5ನೆಯದು 7:15ಕ್ಕೆ. ಒಂಬತ್ತು ಮುಕ್ಕಾಲು ಗಂಟೆ. ಎರಡೂ ಪಾಸ್. ತಪಾಸಣೆಗೆ ಯಾರೇ ಬಂದರೂ ಸಹಿ ಹಾಕಿ ಹೋಗುತ್ತಾರೆ.

ಅದಕ್ಕೇ ಮೇಡಂ ಚಾರ್ಟ್ ಬಿಟ್ಟು ಟಿಕೆಟ್ ಮೆಷಿನ್ ಹಿಡಿದರು. ಪ್ರತಿ ಟಿಕೆಟ್ ಮೇಲೆ ಸಮಯ ಇರುತ್ತದೆ, ಯಾವ ಸ್ಟೇಜು ಅಂತ ಇರುತ್ತದೆ. ಟ್ರಿಪ್ ಶುರು ಮಾಡಿದ್ದು, ಮುಗಿಸಿದ್ದು ಕೂಡ ದಾಖಲಾಗುತ್ತದೆ. ಲಾಗ್ ಶೀಟ್‌ನಲ್ಲಿ ಬರೆದ ಸಮಯವನ್ನು ಅವರು ಜಾಸ್ತಿ ನಂಬಲಿಲ್ಲ. ಬಹಳ ಜನ ಚಾರ್ಟಿನ ಸಮಯವನ್ನೇ ನೋಡಿಕೊಂಡು ತುಂಬಿಬಿಡುತ್ತಾರೆ. ಮೆಷಿನ್‌ಗೆ ಆ ಅಭ್ಯಾಸ ಇಲ್ಲ. ಜಾತ್ರೆ, ಬಂದ್ ಇದ್ದ ದಿನ ಬಿಟ್ಟು 20 ಕೆಲಸದ ದಿನದ ಲೆಕ್ಕ ತೆಗೆದರು.

ಇಲ್ಲಿ ಒಂದು ಸೂಕ್ಷ್ಮ ಇದೆ. ನಾನಾಗಿದ್ದರೆ ಎಲ್ಲ ಕೂಡಿಸಿ ಭಾಗಿಸಿ ಸರಾಸರಿ ತೆಗೆಯುತ್ತಿದ್ದೆ. ಸರಾಸರಿ 102 ನಿಮಿಷ ಬರುತ್ತಿತ್ತು. ಅವರು ಬೇಡ ಅಂದರು. ಸರಾಸರಿ ಸಮಯವನ್ನು ಚಾರ್ಟಿಗೆ ಬರೆದರೆ ಹೆಚ್ಚು ಕಡಿಮೆ ಅರ್ಧ ಟ್ರಿಪ್ ತಡವಾಗಿಯೇ ಬರುತ್ತವೆ. ಬಸ್ಸಿನಲ್ಲಿ ತಡ ಅನ್ನುವುದು ಅಲ್ಲೇ ನಿಲ್ಲುವುದಿಲ್ಲ, ಮುಂದಿನ ಟ್ರಿಪ್ಪಿಗೂ ಹೋಗುತ್ತದೆ. ಬೇಗ ಬಂದ ಬಸ್ಸು ಸ್ಟ್ಯಾಂಡಿನಲ್ಲಿ ನಿಂತು ಹೊತ್ತು ಕಳೆಯುತ್ತದೆ, ಆ ಉಳಿತಾಯ ಯಾರಿಗೂ ಸಿಗುವುದಿಲ್ಲ. ಅದಕ್ಕೆ ಅವರು ಹತ್ತು ಟ್ರಿಪ್ಪನ್ನು ಬೇಗದಿಂದ ತಡದ ಕಡೆಗೆ ಜೋಡಿಸಿ ಎಂಟನೆಯದನ್ನು ತಗೊಂಡರು. ಹತ್ತರಲ್ಲಿ ಎಂಟು ಬಸ್ಸು ಅಷ್ಟರೊಳಗೆ ತಲುಪಬೇಕು. ಬಂದದ್ದು 110 ನಿಮಿಷ. ಚಾರ್ಟಿನಲ್ಲಿ ಇದ್ದದ್ದು 90.

20 ನಿಮಿಷ ಎಲ್ಲಿಂದ ಬಂತು? ರಸ್ತೆ ಅದೇ. ಜನ ಜಾಸ್ತಿ ಆಗಿದ್ದರು. ಶಕ್ತಿ ಬಂದ ಮೇಲೆ ಹೆಣ್ಣುಮಕ್ಕಳ ಓಡಾಟ ಹೆಚ್ಚಿತು, ಒಳ್ಳೆಯದೇ. ಆದರೆ ದುಡ್ಡು ಇಲ್ಲದಿದ್ದರೂ ಟಿಕೆಟ್ ಹೊಡೆಯಲೇಬೇಕು. ಗುರುತಿನ ಚೀಟಿ ನೋಡಬೇಕು, ಸ್ಟೇಜ್ ಒತ್ತಬೇಕು, ಶೂನ್ಯ ಟಿಕೆಟ್ ಹರಿದು ಕೊಡಬೇಕು. ತುಂಬಿದ ಬಸ್ಸಿನಲ್ಲಿ ಮುಂದಿನ ಸ್ಟಾಪ್ ಬರುವುದರೊಳಗೆ ಮುಗಿಯದಿದ್ದರೆ ಬಸ್ಸು ನಿಲ್ಲಿಸಿಕೊಂಡೇ ಟಿಕೆಟ್ ಮಾಡುತ್ತಾರೆ. ಅದರ ಜೊತೆಗೆ ಕಬ್ಬು ಅರೆಯುವ ಕಾಲ. ಎರಡು ಟ್ರೈಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಹಾಕಿಕೊಂಡರೆ ಏನಾಗುತ್ತದೆ ಅಂತ ಮಂಡ್ಯದವರಿಗೆ ನಾನು ಹೇಳಬೇಕಾ? ಚಾರ್ಟ್ ಮಾತ್ರ ಹಳೆಯದೇ ಉಳಿದಿತ್ತು.

ಈಗ ಆ 20 ನಿಮಿಷ ನಡೆದುಕೊಂಡು ಹೋಗುವ ದಾರಿ ನೋಡಿ. ನಾಲ್ಕು ಸಿಂಗಲ್‌ಗೆ 80 ನಿಮಿಷ ತಡ. ಎರಡು ಹತ್ತು ನಿಮಿಷದ ನಿಲುಗಡೆಯನ್ನು ಡ್ರೈವರ್ ಬಿಟ್ಟುಕೊಡುತ್ತಾನೆ. ಟೀ ಇಲ್ಲ, ಕೆಳಗೆ ಇಳಿಯುವುದೂ ಇಲ್ಲ. ಉಳಿದದ್ದು 60 ನಿಮಿಷ. ಬೆಳಗಿನ ಜೋಡಿ ಒಂದು ಗಂಟೆ ತಡವಾಗಿ ಬಸ್ಸು ತಂದು ಕೊಡುತ್ತದೆ. ಎರಡು ಪಾಳಿಯ ನಡುವೆ ಬಸ್ಸು ಡಿಪೋದಲ್ಲಿ ನಿಲ್ಲೋಕೆ 40 ನಿಮಿಷ ಇತ್ತು, ಅದೂ ಕರಗಿತು. ಮಿಕ್ಕ 20 ನಿಮಿಷ ಮಧ್ಯಾಹ್ನದವರ ತಲೆಗೆ. ಅವರದೇ ಒಂದು ಗಂಟೆ ಬೇರೆ. ಅಂದರೆ ಮಧ್ಯಾಹ್ನದ ಜೋಡಿ ಮನೆಗೆ ಹೊರಡುವುದು ಒಂದು ಗಂಟೆ 20 ನಿಮಿಷ ತಡವಾಗಿ.

2ನೇ ಡ್ಯೂಟಿ ಮುಗಿಯುವುದು 8:30ಕ್ಕೆ ಅಲ್ಲ, 9:50ಕ್ಕೆ. ಮರುದಿನ 6:00ಕ್ಕೆ ಮತ್ತೆ ಸಹಿ. ಬಿಡುವು ಎಂಟು ಗಂಟೆ ಹತ್ತು ನಿಮಿಷ. 4ನೆಯದು ಮುಗಿಯುವುದು 10:50ಕ್ಕೆ, ಮರುದಿನ 7:15ಕ್ಕೆ ಡ್ಯೂಟಿ. ಎಂಟು ಗಂಟೆ 25 ನಿಮಿಷ. ಇದರಲ್ಲಿ ಊರಿಗೆ ಹೋಗಬೇಕು, ಉಣ್ಣಬೇಕು, ಮತ್ತೆ ಬರಬೇಕು. ಕೆರಗೋಡು ಕಡೆಯವರು, ಕೊಪ್ಪದ ಕಡೆಯವರು ಇದ್ದರು. ನಿದ್ದೆ ಐದು ಗಂಟೆ ಸಿಕ್ಕರೆ ಪುಣ್ಯ. ವಾರಕ್ಕೆ ಎರಡು ರಾತ್ರಿ ಹೀಗೆ, ಏಳು ಜೋಡಿಗೂ. 3 ಮತ್ತು 5ರ ಮುಂದೆ ಗೀಟು ಯಾಕೆ ಬಿದ್ದಿತ್ತು ಅಂತ ಈಗ ಗೊತ್ತಾಯಿತಲ್ವಾ?

ಅಲ್ಲಿಂದ ಮುಂದಿನದು ತಾನಾಗಿ ಉರುಳುತ್ತದೆ. 3ನೇ ಡ್ಯೂಟಿಗೆ ಜೋಡಿ ಬರಲಿಲ್ಲ. ಯಾರಾದರೂ ಬಾರದಿದ್ದರೆ ಅಂತ ಈ ಏಳರ ಆಚೆಗೆ ಇಟ್ಟಿದ್ದ ರಿಸರ್ವ್ ಜೋಡಿಯನ್ನು ಹತ್ತಿಸಿದರು. 5ಕ್ಕೂ ಬರಲಿಲ್ಲ. ರಜೆಯಲ್ಲಿದ್ದವರಿಗೆ ಫೋನ್ ಹೋಯಿತು. ಅವರ ರಜೆ ರದ್ದಾದರೆ ಅವರು ಮುಂದಿನ ವಾರ ಸಿಕ್ ಹಾಕುತ್ತಾರೆ. ಆಗ ಬೆಳಗಿನ ಪಾಳಿ ಮುಗಿಸಿದವರನ್ನೇ ಮಧ್ಯಾಹ್ನಕ್ಕೂ ಹತ್ತಿಸುತ್ತಾರೆ. ಯೂನಿಯನ್‌ನ ಮೊದಲ ಎರಡು ಬೇಡಿಕೆ ಇದೇ ಆಗಿತ್ತು.

ನಾನು ಕೇಳಿದೆ, ಇಂಥ ಅನುಕ್ರಮ ಯಾಕೆ ಬರೆದರು ಅಂತ. ಮೋಸ ಏನೂ ಇರಲಿಲ್ಲ. ಬಸ್ಸಿನ ಪಟ್ಟಿ ನೋಡಿಕೊಂಡು ನಂಬರ್ ಹಾಕಿದ್ದರು. ಮೊದಲ ಬಸ್ಸಿಗೆ ಒಂದು ಎರಡು, ಎರಡನೆಯದಕ್ಕೆ ಮೂರು ನಾಲ್ಕು. ಆಮೇಲೆ ಅದೇ ನಂಬರ್ ಸಾಲನ್ನು ಜನರಿಗೂ ಕೊಟ್ಟರು. ಬೆಳಗ್ಗೆ, ಮಧ್ಯಾಹ್ನ, ಬೆಳಗ್ಗೆ, ಮಧ್ಯಾಹ್ನ. ಬಸ್ಸಿಗೆ ನಿದ್ದೆ ಬೇಕಿಲ್ಲ, ಅದಕ್ಕೆ ಈ ಸಾಲು ಚೆನ್ನಾಗಿಯೇ ಇದೆ.

ಮೇಡಂ ಡ್ಯೂಟಿಗಳನ್ನು ಮುಟ್ಟಲಿಲ್ಲ, ಸಾಲು ಮಾತ್ರ ಬದಲಿಸಿದರು. 1, 3, 5, ಆಮೇಲೆ 2, 4, 6, ಆಮೇಲೆ ರಜೆ. ಮೊದಲ ಮೂರು ದಿನ ಬೆಳಗಿನ ಪಾಳಿ, ಮೂರು ದಿನ ಮಧ್ಯಾಹ್ನದ್ದು. ಪ್ರತಿ ದಿನವೂ ಹಿಂದಿನ ದಿನಕ್ಕಿಂತ ಸ್ವಲ್ಪ ತಡವಾಗಿ ಶುರು. ರಾತ್ರಿ ತಡವಾಗಿ ಮುಗಿಸಿ ಬೆಳಗ್ಗೆ ಬೇಗ ಬರುವ ಜಿಗಿತ ವಾರಕ್ಕೆ ಒಂದೇ ಕಡೆ ಉಳಿಯುತ್ತದೆ, 6ರಿಂದ 1ಕ್ಕೆ. ಅದರ ನಡುವೆ ರಜೆ ಇದೆ. ಬಸ್ಸು ಈಗಿನ ಹಾಗೇ ತಡವಾಗಿ ಬಂದರೂ, ಅತಿ ಕಡಿಮೆ ಬಿಡುವು 2ರಿಂದ 4ಕ್ಕೆ ಹೋಗುವ ರಾತ್ರಿ. ರಾತ್ರಿ 9:50ರಿಂದ ಮರುದಿನ ಮಧ್ಯಾಹ್ನ 1:30. ಹದಿನೈದು ಗಂಟೆ 40 ನಿಮಿಷ! ಒಬ್ಬ ಮನುಷ್ಯನೂ ಜಾಸ್ತಿ ಬೇಕಾಗಲಿಲ್ಲ, ಒಂದು ಟ್ರಿಪ್ಪೂ ಕಡಿಮೆಯಾಗಲಿಲ್ಲ.

ಆದರೆ ಹೊಸ ಸಾಲಿಗೆ ದಾಟುವುದು ಹೇಗೆ? ನಾನೂ ಇನ್ನಿಬ್ಬರೂ ಹೇಳಿದ್ದು, ಪ್ರತಿ ಜೋಡಿ ತನ್ನ ರಜೆ ಮುಗಿಸಿ ಬಂದ ಮೇಲೆ ಹೊಸ ಸಾಲು ಹಿಡಿಯಲಿ, ಯಾರಿಗೂ ತೊಂದರೆ ಆಗಲ್ಲ ಅಂತ. ಕೇಳೋಕೆ ಚೆನ್ನಾಗಿದೆ. ಅವರು ಪೆನ್ಸಿಲ್ ಹಿಡಿದು ಎರಡನೇ ದಿನಕ್ಕೇ ನಿಲ್ಲಿಸಿದರು. ರಜೆ ಮುಗಿಸಿದ ಜೋಡಿ ಹೊಸ ಸಾಲಿನ ಎರಡನೇ ದಿನ 3ನೇ ಡ್ಯೂಟಿಗೆ ಬರುತ್ತದೆ. ಅದೇ ದಿನ ಹಳೇ ಸಾಲಿನಲ್ಲಿ ಮೂರನೇ ದಿನದಲ್ಲಿರುವ ಜೋಡಿಯೂ 3ಕ್ಕೇ ಬರುತ್ತದೆ. 2ನೇ ಡ್ಯೂಟಿಗೆ ಯಾರೂ ಇಲ್ಲ. ಎರಡು ಸಾಲು ಒಟ್ಟಿಗೆ ಓಡಿದರೆ ಒಂದು ಬಸ್ಸಿಗೆ ಇಬ್ಬರು ಡ್ರೈವರ್, ಇನ್ನೊಂದಕ್ಕೆ ಯಾರೂ ಇಲ್ಲ. ಒಂದೇ ರಾತ್ರಿ ಎಲ್ಲರೂ ದಾಟಬೇಕು, ಬೇರೆ ದಾರಿ ಇಲ್ಲ.

ಆ ಒಂದು ರಾತ್ರಿಯನ್ನು ಅವರು ಜೋಡಿ ಜೋಡಿಯಾಗಿ ಬರೆದು ನೋಡಿದರು. ನಿನ್ನೆ ಹಳೇ ಸಾಲಿನ 1 ಮಾಡಿದವರು ಇವತ್ತು 3ಕ್ಕೆ. 2 ಮಾಡಿದವರು 5ಕ್ಕೆ. 3 ಮಾಡಿದವರು 2ಕ್ಕೆ. 4 ಮಾಡಿದವರು ಮತ್ತೆ 4ಕ್ಕೇ. 5 ಮಾಡಿದವರು 6ಕ್ಕೆ. 6 ಮಾಡಿದವರಿಗೆ ರಜೆ, ರಜೆಯಲ್ಲಿದ್ದವರು 1ಕ್ಕೆ. ಯಾರ ವಾರದ ರಜೆಯೂ ಕದಲಲಿಲ್ಲ. ಇಕ್ಕಟ್ಟು ಇದ್ದದ್ದು ಒಂದೇ ಕಡೆ. 2 ಮಾಡಿ ರಾತ್ರಿ 9:50ಕ್ಕೆ ಹೊರಟವರು ಬೆಳಗ್ಗೆ 7:15ಕ್ಕೆ 5ನೆಯದಕ್ಕೆ ಬರಬೇಕು. ಒಂಬತ್ತು ಗಂಟೆ 25 ನಿಮಿಷ. ಕಾನೂನಿಗಿಂತ ಬರೀ 25 ನಿಮಿಷ ಜಾಸ್ತಿ. ಆ ಸಂಜೆ ಆ ಬಸ್ಸು ಇನ್ನೂ ತಡವಾದರೆ ರಿಸರ್ವ್ ಜೋಡಿ 5ಕ್ಕೆ ಸಿದ್ಧ ಇರಲಿ ಅಂತ ನನಗೆ ಚೀಟಿ ಬರೆದು ಕೊಟ್ಟರು.

ಸಾಲು ಸರಿಯಾಯಿತು ಅಂತ ಡಿಪೋ ಮ್ಯಾನೇಜರ್ ಖುಷಿಯಾದರು. ಮೇಡಂ ಎರಡನೇ ಹಾಳೆ ತೆಗೆದರು. ಅದು ಮ್ಯಾನೇಜರಿಗೆ ಇಷ್ಟವಾಗಲಿಲ್ಲ.

ಸಾಲು ಬದಲಾದರೂ 110 ನಿಮಿಷ 90 ಆಗುವುದಿಲ್ಲ. ನಿಜವಾದ ಸಮಯ ಬರೆದು, ನಿಲುಗಡೆಯ ಹತ್ತು ನಿಮಿಷವನ್ನು ಡ್ರೈವರಿಗೆ ವಾಪಸ್ ಕೊಟ್ಟರೆ, ಒಂದು ಡ್ಯೂಟಿಯ ಕೆಲಸ ಎಂಟು ಗಂಟೆ 50 ನಿಮಿಷ ಆಗುತ್ತದೆ. ದಿನಕ್ಕೆ ಎಂಟು ಗಂಟೆ ಮಿತಿ. ಆರು ಡ್ಯೂಟಿಯಲ್ಲಿ 50 ನಿಮಿಷದಂತೆ ದಿನಕ್ಕೆ ಐದು ಗಂಟೆ ಯಾರೂ ಬರೆಯದ, ಯಾರೂ ಸಂಬಳ ಕೊಡದ ಕೆಲಸ. ಇನ್ನೂ ಜನ ಕೊಡಿ ಅನ್ನುವ ಮೂರನೇ ಬೇಡಿಕೆಯಲ್ಲಿ ಇಷ್ಟು ನಿಜ ಇತ್ತು.

ಆಗ ಕಚೇರಿಯಲ್ಲಿ ಒಬ್ಬರು ಬುದ್ಧಿವಂತಿಕೆ ತೋರಿಸಿದರು. 1961ರ ಆ ಕಾಯ್ದೆಯಲ್ಲಿ, ಟರ್ಮಿನಲ್‌ನಲ್ಲಿ ಸುಮ್ಮನೆ ಹಾಜರಿರುವ ಹೊತ್ತು 15 ನಿಮಿಷಕ್ಕಿಂತ ಕಡಿಮೆ ಇದ್ದರೆ ಕೆಲಸದ ಲೆಕ್ಕಕ್ಕೆ ಸೇರುತ್ತಿತ್ತು. “ಹತ್ತು ನಿಮಿಷದ ನಿಲುಗಡೆಯನ್ನು ಹದಿನೈದು ಮಾಡಿಬಿಡಿ ಮೇಡಂ, ಲೆಕ್ಕದಿಂದ ಆಚೆ ಹೋಗುತ್ತೆ.” ಮೇಡಂ ಸಿಟ್ಟಾಗಲಿಲ್ಲ, ಕೂಡಿಸಿ ತೋರಿಸಿದರು. ಹಾಗೆ ಮಾಡಿದರೂ ಎಂಟೂವರೆ ಗಂಟೆ. ಜೊತೆಗೆ ಜೋಡಿ ಇನ್ನೂ ಹತ್ತು ನಿಮಿಷ ತಡವಾಗಿ ಮನೆಗೆ ಹೋಗುತ್ತದೆ. ಮಿತಿಯೊಳಗೆ ಬರಲೂ ಇಲ್ಲ, ಜನರನ್ನು ಇನ್ನಷ್ಟು ಕೆರಳಿಸಿದ ಹಾಗೂ ಆಯಿತು.

ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿ ಮುಂದೆ ಎರಡೂ ಕಡೆಯವರು ಕೂತಾಗ ಗಡುವಿಗೆ ಎರಡೇ ದಿನ ಇತ್ತು. ಮೇಡಂ ಮೇಜಿನ ಮೇಲೆ ಇಟ್ಟದ್ದು ಮೂರು ಹಾಳೆ: ಗೀಟಿನ ಲೆಕ್ಕ, ಟಿಕೆಟ್ ಮೆಷಿನ್ ಲೆಕ್ಕ, ಹೊಸ ಸಾಲು. ಯೂನಿಯನ್‌ನವರು ಹೊಸ ಸಾಲನ್ನು ತಕ್ಷಣ ಒಪ್ಪಲಿಲ್ಲ, ಇದು ನಿಮಗೆ ಆಶ್ಚರ್ಯ ಆಗಬಹುದು. ಹಳೇ ಸಾಲಿನಲ್ಲಿ 1 ಆದ ಮೇಲೆ 2 ಬರುತ್ತಿತ್ತು. ಮಧ್ಯಾಹ್ನ ಮನೆಗೆ ಹೋದರೆ ಮರುದಿನ ಮಧ್ಯಾಹ್ನದವರೆಗೆ ಬಿಡುವು. ಗದ್ದೆಗೆ ನೀರು ಕಟ್ಟುವವರಿಗೆ, ಹಸು ಇರುವವರಿಗೆ ಆ ಹೊತ್ತು ಬೇಕಿತ್ತು. ಹೊಸ ಸಾಲಿನಲ್ಲಿ ಅಂಥ ದೊಡ್ಡ ಬಿಡುವು 5 ಮತ್ತು 2ರ ನಡುವೆ ಒಂದೇ ಸಲ. ನಿದ್ದೆ ಸಿಕ್ಕಿತು, ಜಮೀನಿನ ಹೊತ್ತು ಹೋಯಿತು. ಇದು ನಿಜವಾದ ನಷ್ಟ. ಬಹಳ ಹೊತ್ತು ಚರ್ಚೆಯಾಗಿ, ಜೋಡಿಗಳು ಪರಸ್ಪರ ಡ್ಯೂಟಿ ಬದಲಿಸಿಕೊಳ್ಳಬಹುದು, ಆದರೆ ಒಂಬತ್ತು ಗಂಟೆ ಬಿಡುವು ಮುರಿಯುವ ಬದಲಾವಣೆಗೆ ನಮ್ಮ ಸೆಕ್ಷನ್ ಸಹಿ ಹಾಕುವುದಿಲ್ಲ ಅಂತ ಬರೆದುಕೊಂಡರು. 110 ನಿಮಿಷವನ್ನು ಚಾರ್ಟಿಗೆ ಬರೆಯುವುದು, ಎಂಟು ಗಂಟೆ ಮೀರಿದ್ದಕ್ಕೆ ಎರಡು ಪಟ್ಟು ದರದಲ್ಲಿ ಓಟಿ ಕೊಡುವುದು ಅಂತಲೂ ಆಯಿತು. ನೋಟಿಸ್ ವಾಪಸ್ ಬಂತು.

ಹೊಸ ಸಮಯ ಬರೆದ ಕೂಡಲೇ ಇನ್ನೊಂದು ಹುಳುಕು ಕಂಡಿತು. ಮೂರನೇ ಬಸ್ಸಿನ ಮಧ್ಯಾಹ್ನದ ಜೋಡಿ ಕ್ಯಾಷ್ ಕಟ್ಟಿ ಹೊರಡುವಾಗ ರಾತ್ರಿ 12:45 ಆಗುತ್ತಿತ್ತು. ಆ ಹೊತ್ತಿನಲ್ಲಿ ಮನೆಗೆ ಹೋಗೋಕೆ ಅವರಿಗೇ ಬಸ್ಸಿಲ್ಲ. ಓಟಿ ಕೊಟ್ಟರೆ ಇದು ಸರಿಹೋಗುವುದಿಲ್ಲ, ಟ್ರಿಪ್ಪನ್ನೇ ಕಡಿಮೆ ಮಾಡಬೇಕು.

ಸುಮಾರು ಒಂದು ತಿಂಗಳಾದ ಮೇಲೆ 3 ಮತ್ತು 5ರ ಗೈರು ಇಳಿದು, ರಿಸರ್ವ್ ಜೋಡಿ ಬಹುಪಾಲು ದಿನ ಡಿಪೋದಲ್ಲೇ ಖಾಲಿ ಕೂರತೊಡಗಿತು. ಆ ಜೋಡಿಗೆ ಏಳನೇ ಡ್ಯೂಟಿ ಮಾಡಿದರು. ಮೂರನೇ ಬಸ್ಸಿನ ಎರಡು ಪಾಳಿಯಿಂದ ಒಂದೊಂದು ಕೆ.ಆರ್. ಪೇಟೆ ರೌಂಡ್ ಕಿತ್ತು ಇದಕ್ಕೆ ಕೊಟ್ಟರು. ಮಾಮೂಲಿ ಓಟದಲ್ಲಿಲ್ಲದ ಒಂದು ಬಸ್ಸು ಹುಡುಕಿದರು. 5 ಮತ್ತು 6ಕ್ಕೆ ಬದಲಾಗಿ ಪಾಂಡವಪುರದವರೆಗೆ ಹೋಗಿ ಬರುವ ಚಿಕ್ಕ ರೌಂಡ್. 6ನೇ ಡ್ಯೂಟಿಯವರು ರಾತ್ರಿ ಹತ್ತರೊಳಗೆ ಮನೆ ದಾರಿ ಹಿಡಿದರು. ಉಳಿದ ನಾಲ್ಕು ಡ್ಯೂಟಿಯಲ್ಲಿ ಓಟಿ ಹಾಗೇ ಉಳಿಯಿತು, ನಾನು ನಿವೃತ್ತನಾಗುವವರೆಗೂ.

ಆ ಏಳನೆಯದನ್ನು ಸಾಲಿನ ಕೊನೆಗೆ ಸೇರಿಸಿ ಅಂತ ಟೈಪ್ ಮಾಡುವವರು ಕೇಳಿದರು. ಮೇಡಂ ಬೇಡ ಅಂದರು. ಏಳು ಡ್ಯೂಟಿ ಮಾಡಿ ಎಂಟನೇ ದಿನ ರಜೆ ಅಂದರೆ, ಏಳು ದಿನಕ್ಕೊಂದು ರಜೆ ಅನ್ನುವ ನಿಯಮ ಮುರಿಯುತ್ತದೆ. ಏಳು ಡ್ಯೂಟಿ ವಾರಪೂರ್ತಿ ಓಡಬೇಕಾದರೆ 49 ಪಾಳಿ. ಒಂದು ಜೋಡಿ ವಾರಕ್ಕೆ ಆರು ಮಾಡಿದರೆ ಎಂಟು ಜೋಡಿಗೆ 48. ಒಂದು ಪಾಳಿ ಉಳಿಯುತ್ತದೆ, ಅದಕ್ಕೆ ಪ್ರತಿ ವಾರ ಯಾರನ್ನೋ ಕಾಡಬೇಕು. ಅದಕ್ಕೆ ಅವರು ಆರರ ಸುತ್ತನ್ನು ಹಾಗೇ ಬಿಟ್ಟು, ಏಳನೆಯದನ್ನು ಒಂದೇ ಜೋಡಿಗೆ ಕಾಯಂ ಮಾಡಿ, ಭಾನುವಾರ ಓಡಿಸುವುದಿಲ್ಲ ಅಂತ ಬರೆದರು. ಭಾನುವಾರ ಕಾಲೇಜು ಇಲ್ಲ, ಕಚೇರಿ ಇಲ್ಲ. ಮದುವೆಗೆ ಹೋಗುವವರು ಇದ್ದಾರಲ್ಲ ಅಂತ ಚಿನಕುರಳಿ ಕಡೆಯಿಂದ ಒಂದು ಅರ್ಜಿ ಬಂತು. ಮದುವೆ ತಿಂಗಳಲ್ಲಿ ಮಾತ್ರ ಆ ಭಾನುವಾರಗಳಿಗೆ ಬೇರೆ ಜೋಡಿ ಹುಡುಕುತ್ತೇವೆ ಅಂತ ಉತ್ತರ ಬರೆದು, ನನ್ನ ಸಹಿ ತಗೊಂಡು ಕಳಿಸಿದರು.